ಗಟ್ಟಿ ಬಂಗಾರ, ಗಿಲೀಟು, ಗೋಲ್ಡ್ ಫಿಲ್ಡ್: ಮೂರು ಕೈಗಡಿಯಾರಗಳನ್ನು ರಾಯಚೂರಿನ ಬಿಸಿಲಿನಲ್ಲಿ ಕಟ್ಟಿದ ಅನುಭವ

ನನ್ನ ಬಳಿ ಬಂಗಾರದ ಬಣ್ಣದ ಮೂರು ಕೈಗಡಿಯಾರಗಳಿವೆ. ಮೊದಲನೆಯದು 18 ಕ್ಯಾರೆಟ್ ಗಟ್ಟಿ ಬಂಗಾರದ ಸ್ವಿಸ್ ಗಡಿಯಾರ, 1991ರಲ್ಲಿ ಮದುವೆಯ ಸಮಯದಲ್ಲಿ ಮಾವನವರು ಕೊಟ್ಟದ್ದು. ಎರಡನೆಯದು ಹಿತ್ತಾಳೆಯ ಮೇಲೆ ಬಂಗಾರದ ಗಿಲೀಟು ಹಾಕಿದ್ದು, 1996ರಲ್ಲಿ ನಾನೇ ಕೊಂಡದ್ದು. ಮೂರನೆಯದು ನಮ್ಮ ತಂದೆಯವರು ಹೈದರಾಬಾದಿನಲ್ಲಿ ಹಳೆಯ ಗಡಿಯಾರಗಳ ವ್ಯಾಪಾರಿಯಿಂದ ಕೊಂಡು, 2003ರಲ್ಲಿ ನನ್ನ ಕೈಗೆ ಬಂದ, ಅಮೆರಿಕದಲ್ಲಿ ತಯಾರಾದ ಗೋಲ್ಡ್ ಫಿಲ್ಡ್ ಕೇಸಿನ ಗಡಿಯಾರ. ಮೂರೂ ಕೀಲಿ ಕೊಡುವಂಥವು. ಒಳಗಿನ ಯಂತ್ರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೇಸು ಹೇಗೆ ಬಾಳಿತು, ಕೆಟ್ಟಾಗ ಏನಾಯಿತು, ಮಾರಲು ಹೋದರೆ ಎಷ್ಟು ಬರುತ್ತದೆ ಎಂಬುದಷ್ಟನ್ನೇ ಬರೆಯುತ್ತೇನೆ.

ನಾನು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ದಿನದ ಎಂಟು ಹತ್ತು ತಾಸು ಎಡಗೈ ಮುಂಗೈ ಖಾತೆ ಪುಸ್ತಕದ ಅಂಚಿಗೆ ಉಜ್ಜುತ್ತಿತ್ತು, ಮಾರ್ಚ್‌ನಿಂದ ಜೂನ್‌ವರೆಗೆ ಪಟ್ಟಿಯ ಕೆಳಗೆ ಬೆವರು ಆರುತ್ತಲೇ ಇರಲಿಲ್ಲ. ಆದ್ದರಿಂದ ನನ್ನ ತೀರ್ಮಾನಗಳು ಗಡಿಯಾರವನ್ನು ಮದುವೆ ಮುಂಜಿಗಷ್ಟೇ ಕಟ್ಟುವವರಿಗೆ ಒಪ್ಪದಿರಬಹುದು.

ಬೆಳಿಗ್ಗೆ ಸ್ನಾನವಾದ ಮೇಲೆ ಕೀಲಿಯನ್ನು ಇಪ್ಪತ್ತು ಸುತ್ತು ಕೊಟ್ಟು ಕಟ್ಟಿಕೊಳ್ಳುವುದು ನನ್ನ ರೂಢಿ. ರಾತ್ರಿ ಬಿಚ್ಚಿದಾಗ ಒದ್ದೆ ಹತ್ತಿ ಬಟ್ಟೆಯಿಂದ ಕೇಸನ್ನು ಒರೆಸಿ, ಪಟ್ಟಿಯನ್ನು ಹಿಡಿದಿರುವ ನಾಲ್ಕು ಕೊಂಬುಗಳ ಕೆಳಭಾಗವನ್ನು ತೆಳ್ಳಗೆ ಸೀಳಿದ ಬೇವಿನ ಕಡ್ಡಿಯಿಂದ ತಿಕ್ಕುತ್ತೇನೆ. ಬೇಸಿಗೆಯಲ್ಲಿ ಆ ಮೂಲೆಯಿಂದ ಉಪ್ಪಿನ ಬಿಳಿಯ ಪುಡಿ ಉದುರುತ್ತದೆ. ಬಂಗಾರದ ಬಣ್ಣದ ಯಾವುದೇ ಕೇಸು ಮೊದಲು ಸೋಲುವುದು ಅಲ್ಲೇ. ಕೊಳ್ಳುವ ಮೊದಲು ಗಡಿಯಾರವನ್ನು ಬೋರಲು ಹಾಕಿ ಆ ಜಾಗವನ್ನೇ ನೋಡಬೇಕು.

ಗಿಲೀಟಿನ ಗಡಿಯಾರ ನಾಲ್ಕನೆಯ ವರ್ಷಕ್ಕೆ ಅಲ್ಲೇ ಸೋತಿತು. ಮೊದಲು ಕೊಂಬಿನ ತುದಿಯಲ್ಲಿ ಬಣ್ಣ ಸ್ವಲ್ಪ ಮಾಸಿತು, ಬಳಿಕ ಸಾಸಿವೆ ಕಾಳಿನಷ್ಟು ಹಿತ್ತಾಳೆ ಕಾಣಿಸಿತು, ಒಂದೇ ಬೇಸಿಗೆಯಲ್ಲಿ ಅದರ ಸುತ್ತ ಹಸಿರು ಕಿಲುಬು ಕಟ್ಟಿ ಮಣಿಕಟ್ಟಿನ ಮೇಲೆ ಕಲೆ ಉಳಿಯತೊಡಗಿತು. ವಿದ್ಯುತ್ತಿನಿಂದ ಹಾಕಿದ ತೆಳು ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೆವರು ಅವುಗಳ ಮೂಲಕ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತದೆ, ಆಮೇಲೆ ಬಂಗಾರ ಸವೆಯದಿದ್ದರೂ ಬುಡ ಬಿಟ್ಟು ಏಳುತ್ತದೆ. ಪದರದ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ಹಳೆಯ ಸ್ವಿಸ್ ಕೇಸುಗಳ ಹಿಂದೆ 10 ಅಥವಾ 20 ಮೈಕ್ರಾನ್ ಎಂದು ಕೊರೆದಿರುವುದುಂಟು, ಅಂಥವು ನಿಜಕ್ಕೂ ಬಾಳುತ್ತವೆ. ನನ್ನದರ ಹಿಂದೆ ಅಂಕಿಯೇ ಇರಲಿಲ್ಲ.

ಮತ್ತೆ ಗಿಲೀಟು ಹಾಕಿಸಿದೆ, 600 ರೂಪಾಯಿ ತೆತ್ತೆ. ಹದಿನಾಲ್ಕು ತಿಂಗಳಿಗೆ ಮೊದಲಿನಂತೆಯೇ ಆಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಗಿಲೀಟಿಗೆ ಮುನ್ನ ಕಿಲುಬಿನ ಕುಳಿಗಳೆಲ್ಲ ಹೋಗುವವರೆಗೆ ಕೇಸನ್ನು ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಹಾಗೆ ಉಜ್ಜಿದ್ದರಿಂದ ಕೊಂಬುಗಳ ಚೂಪಾದ ಅಂಚುಗಳು ಸಾಬೂನಿನಂತೆ ದುಂಡಗಾಗಿ ಬಂದವು. ಗಿಲೀಟು ಮಾಡಿಸುವವರು ಎರಡು ಮಾತು ಮೊದಲೇ ಕೇಳಿಕೊಳ್ಳಬೇಕು. ಹಿತ್ತಾಳೆಗೂ ಬಂಗಾರಕ್ಕೂ ನಡುವೆ ನಿಕಲ್ ಪದರ ಹಾಕುತ್ತಾರೆಯೇ, ಏಕೆಂದರೆ ಅದಿಲ್ಲದಿದ್ದರೆ ತಾಮ್ರದ ಅಂಶ ಕ್ರಮೇಣ ಬಂಗಾರದೊಳಗೆ ಏರಿ ಬಣ್ಣ ಕೆಡುತ್ತದೆ. ಮತ್ತು ಪದರ ಎಷ್ಟು ಮೈಕ್ರಾನ್. ಉತ್ತರ ಬರದಿದ್ದರೆ ಅದು ಒಂದು ಮೈಕ್ರಾನಿಗೂ ಕಡಿಮೆಯ ಬರೀ ಬಣ್ಣವೆಂದು ತಿಳಿಯಬಹುದು.

ಗಟ್ಟಿ ಬಂಗಾರದ್ದಕ್ಕೆ ಈ ಯಾವ ರೋಗವೂ ಇಲ್ಲ. ಬೆವರು ಅದಕ್ಕೆ ಏನೂ ಮಾಡಲಾರದು. ಆದರೆ ಅದು ಮೆದು. ಉಗ್ರಾಣದ ಕಬ್ಬಿಣದ ಬಾಗಿಲಿಗೆ ಒಮ್ಮೆ ತಾಗಿದ್ದಕ್ಕೆ ಗಾಜಿನ ಸುತ್ತಿನ ಬಳೆಯಲ್ಲಿ ತಗ್ಗು ಬಿತ್ತು. ಪಟ್ಟಿಯ ಉಕ್ಕಿನ ಕಡ್ಡಿ ಆಡುತ್ತಾ ಆಡುತ್ತಾ ಕೊಂಬಿನ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ಹಿಗ್ಗಿಸಿತು. ನಮ್ಮ ಪತ್ತಾರರು ಆ ರಂಧ್ರವನ್ನು ಅದೇ ಕ್ಯಾರೆಟ್ಟಿನ ಬಂಗಾರದಿಂದ ತುಂಬಿ, ಬೆಸೆದು, ಹೊಸದಾಗಿ ಕೊರೆದು ಕೊಟ್ಟರು. ಇಂದು ಭೂತಗನ್ನಡಿ ಹಿಡಿದರೂ ಜೋಡಣೆ ಕಾಣುವುದಿಲ್ಲ. ಒಳಗೂ ಹೊರಗೂ ಒಂದೇ ಲೋಹವಿರುವುದರ ಸುಖ ಇದು. ಆದರೆ ಪ್ರತಿ ಪಾಲಿಶಿಗೂ ತೂಕ ಇಳಿಯುತ್ತದೆ. 2006ರಲ್ಲಿ ಪಾಲಿಶಿಗೆ ಮುನ್ನ ಬರಿ ಕೇಸು 11.6 ಗ್ರಾಂ ಇತ್ತು, ಮರಳಿ ಬಂದಾಗ 11.4. ಅಂದಿನಿಂದ ಗೀರುಗಳಿದ್ದರೂ ಇರಲಿ ಎಂದು ಬಿಟ್ಟಿದ್ದೇನೆ. ಕೈಯಲ್ಲಿ ಅಷ್ಟು ಬಂಗಾರ ಇಟ್ಟುಕೊಂಡು ಬಸ್ಸಿನಲ್ಲಿ ನಿಲ್ಲುವ ಧೈರ್ಯವೂ ನನಗೆ ಬರಲಿಲ್ಲ. ವರ್ಷದ ಬಹುಪಾಲು ಅದು ತಿಜೋರಿಯಲ್ಲೇ ಇರುತ್ತದೆ.

ನಾನು ಮನಸಾರೆ ಮೆಚ್ಚಿದ್ದು ಮೂರನೆಯದನ್ನು. ಗೋಲ್ಡ್ ಫಿಲ್ಡ್ ಎಂದರೆ ಗಿಲೀಟಲ್ಲ. ಹಿತ್ತಾಳೆಯಂಥ ಲೋಹದ ಗಟ್ಟಿಗೆ 10 ಅಥವಾ 14 ಕ್ಯಾರೆಟ್ ಬಂಗಾರದ ಹಾಳೆಯನ್ನು ಶಾಖ ಮತ್ತು ಒತ್ತಡದಿಂದ ಒಂದಾಗಿಸಿ, ಉರುಳೆಗಳ ನಡುವೆ ಹಾಯಿಸಿ ತೆಳ್ಳಗೆ ಮಾಡಿ, ಆ ತಗಡಿನಿಂದ ಕೇಸನ್ನು ಒತ್ತಿ ತೆಗೆಯುತ್ತಾರೆ. ಪದರ ಗಿಲೀಟಿಗಿಂತ ಹಲವು ಪಟ್ಟು ದಪ್ಪ, ಉರುಳೆಯಲ್ಲಿ ಒತ್ತಿದ್ದರಿಂದ ರಂಧ್ರಗಳಿಲ್ಲ, ಕ್ಯಾರೆಟ್ ಬಂಗಾರವಾದ್ದರಿಂದ ಶುದ್ಧ ಬಂಗಾರಕ್ಕಿಂತ ಗಡುಸು. ಅಮೆರಿಕದ ಹಳೆಯ ಜೇಬು ಗಡಿಯಾರಗಳ ಮುಚ್ಚಳದೊಳಗೆ 20 ವರ್ಷ, 25 ವರ್ಷ ಎಂದು ಬಾಳಿಕೆಯ ಭರವಸೆಯನ್ನೇ ಮುದ್ರಿಸುತ್ತಿದ್ದರು. 1924ರಲ್ಲಿ ಆ ಪದ್ಧತಿ ನಿಂತಿತು. ನನ್ನ ಗಡಿಯಾರ ತಂದೆಯವರ ಕೈಯಲ್ಲೂ ನನ್ನ ಕೈಯಲ್ಲೂ ಸೇರಿ ದಶಕಗಳನ್ನು ಕಳೆದರೂ ಹಿತ್ತಾಳೆ ಕಂಡದ್ದು ಒಂದು ಕೊಂಬಿನ ಹಿಂಬದಿಯಲ್ಲಿ, ಅಕ್ಕಿ ನುಚ್ಚಿನಷ್ಟು ಜಾಗದಲ್ಲಿ ಮಾತ್ರ.

ನನ್ನ ಅಸಮಾಧಾನ ಆರಂಭವಾದದ್ದು ಆ ನುಚ್ಚಿನಷ್ಟು ಜಾಗವನ್ನು ಸರಿಪಡಿಸಲು ಹೊರಟಾಗ. ಒಂದು ಅಂಗಡಿಯಲ್ಲಿ ಅದನ್ನು ಗಟ್ಟಿ ಬಂಗಾರದಂತೆಯೇ ಉರಿಗೆ ಹಿಡಿದು ಬೆಸೆದರು. ಶಾಖ ಹೆಚ್ಚಾದ ಕಡೆ ಬಂಗಾರ ಕೆಳಗಿನ ಹಿತ್ತಾಳೆಯೊಳಗೆ ಬೆರೆತು ಕೊಂಬಿನ ಬಣ್ಣ ಇಟ್ಟಿಗೆಗೆ ತಿರುಗಿತು, ಬೆಸುಗೆಯ ಗಂಟನ್ನು ಅರದಿಂದ ಸಮ ಮಾಡುವಾಗ ಅಕ್ಕಪಕ್ಕದ ಒಳ್ಳೆಯ ಪದರವೂ ಹೋಯಿತು. ಇದ್ದದ್ದಕ್ಕಿಂತ ಮೂರು ಪಟ್ಟು ಹಿತ್ತಾಳೆ ಈಗ ಕಾಣುತ್ತದೆ. ಈ ಪದರವನ್ನು ಒಮ್ಮೆ ಕಳೆದುಕೊಂಡರೆ ಯಾವ ಪತ್ತಾರರೂ ಅದೇ ದಪ್ಪಕ್ಕೆ ಮರಳಿಸಲಾರರು. ಮೇಲೆ ಗಿಲೀಟು ಹಾಕಿಸಬಹುದು, ಅಷ್ಟೇ. ಗೋಲ್ಡ್ ಫಿಲ್ಡ್ ಕೇಸನ್ನು ರಿಪೇರಿಗೆ ಕೊಡುವವರು ಉರಿ ಬೇಡ, ಚಕ್ರದ ಪಾಲಿಶ್ ಬೇಡ ಎಂದು ಚೀಟಿ ಬರೆದು ಅಂಟಿಸಿಯೇ ಕೊಡಬೇಕು.

ಮಾರಾಟದ ಮೌಲ್ಯ ತಿಳಿಯಲೆಂದು ಕಳೆದ ವರ್ಷ ಗಟ್ಟಿ ಬಂಗಾರದ್ದನ್ನೂ ಇದನ್ನೂ ಸರಾಫರ ಬಳಿ ಒಯ್ದೆ. ಕಿರಣ ಹಾಯಿಸಿ ಕ್ಯಾರೆಟ್ ತೋರಿಸುವ ಯಂತ್ರದಲ್ಲಿ ಗೋಲ್ಡ್ ಫಿಲ್ಡ್ ಕೇಸನ್ನು ಇಟ್ಟರು. ಬಂದ ಅಂಕಿ 58, ಅಂದರೆ 14 ಕ್ಯಾರೆಟ್. ಹಿಂಬದಿಯ ಮುದ್ರೆಯಲ್ಲಿ 14 ಎಂಬುದು ಉಳಿದು ಮುಂದಿನ ಪದಗಳು ಸವೆದುಹೋಗಿದ್ದರಿಂದ ಅವರು ಗಟ್ಟಿ ಬಂಗಾರವೆಂದೇ ನಂಬಿದರು. ಯಂತ್ರದ ಕಿರಣ ಮೇಲಿನ ಕೆಲವೇ ಮೈಕ್ರಾನ್ ಓದುತ್ತದೆ, ಪದರ ಅದಕ್ಕಿಂತ ದಪ್ಪವಿದ್ದರೆ ಕೆಳಗಿನ ಹಿತ್ತಾಳೆ ಅದಕ್ಕೆ ಕಾಣುವುದೇ ಇಲ್ಲ. ಒರೆಗಲ್ಲಿನ ಗೀರೂ ಅದೇ ರೀತಿ ಮೋಸ ಮಾಡುತ್ತದೆ. ನಾನೇ ತಡೆದು, ಕೆಟ್ಟ ಕೊಂಬಿನ ಒಳಮಗ್ಗುಲಲ್ಲಿ ಅರ ಹಾಕಲು ಹೇಳಿದೆ. ಅರದ ಗಾಯದ ಮೇಲೆ ನೈಟ್ರಿಕ್ ಆಮ್ಲದ ಹನಿ ಬಿದ್ದ ಕೂಡಲೇ ಅದು ನೊರೆಗಟ್ಟಿ ಹಸಿರಾಯಿತು. ಅಲ್ಲಿದ್ದ ವಯಸ್ಸಾದ ಪತ್ತಾರರು, "ಇದು ಬಂಗಾರ ಅಲ್ರೀ ಸರ್, ರೋಲ್ಡ್ ಗೋಲ್ಡ್ ಅದ. ಇದಕ್ಕೇನು ಬೆಲಿ ಕಟ್ಟಲಿ?" ಎಂದರು. ನಮ್ಮ ಕಡೆ ಜಾತ್ರೆಯಲ್ಲಿ ಮಾರುವ ಸರಕ್ಕೂ ಅದೇ ಹೆಸರು, ಆದ್ದರಿಂದ ಅವರ ಮಾತಿಗೆ ಬೇಸರಿಸಿಕೊಳ್ಳಲಿಲ್ಲ.

ಅರ ಹಾಕದೆಯೇ ತಿಳಿಯುವ ದಾರಿಯೊಂದಿದೆ, ಮನೆಯಲ್ಲಿ ನಾನು ಮಾಡಿ ನೋಡಿದ್ದೇನೆ. ಯಂತ್ರ, ಗಾಜು, ಉಕ್ಕಿನ ಕಡ್ಡಿ, ಉಕ್ಕಿನ ಹಿಂಬದಿ ಮುಚ್ಚಳ ಎಲ್ಲವನ್ನೂ ಬಿಚ್ಚಿದ ಬರಿ ಕೇಸನ್ನು ಮೊದಲು ಹಾಗೆಯೇ ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಕೇಸನ್ನು ದಾರದಲ್ಲಿ ತಳಕ್ಕೂ ಅಂಚಿಗೂ ತಾಗದಂತೆ ಮುಳುಗಿಸಿ ಹಿಡಿದರೆ ಅದು ಸರಿಸಿದ ನೀರಿನ ತೂಕ ಕಾಣುತ್ತದೆ. ಮೊದಲ ತೂಕವನ್ನು ಅದರಿಂದ ಭಾಗಿಸಬೇಕು. ಗೋಲ್ಡ್ ಫಿಲ್ಡ್ ಕೇಸು 9.2 ಗ್ರಾಂ, ನೀರು 1.06, ಭಾಗಿಸಿದರೆ 8.7, ಅದು ಹೆಚ್ಚು ಕಡಿಮೆ ಹಿತ್ತಾಳೆಯ ಸಾಂದ್ರತೆ. ಗಟ್ಟಿ ಬಂಗಾರದ ಕೇಸು 11.4 ಗ್ರಾಂ, ನೀರು 0.74, ಭಾಗಿಸಿದರೆ 15.4, ಅದು 18 ಕ್ಯಾರೆಟ್‌ನದು. ಗುಳ್ಳೆಗಳು ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ನೀರಿಗೆ ಸಾಬೂನಿನ ಒಂದು ಹನಿ ಹಾಕಿಕೊಳ್ಳಬೇಕು.

ಬೆಲೆಯ ಅಂತರವೂ ಈ ಅಂಕಿಗಳಲ್ಲೇ ಇದೆ. ಗಟ್ಟಿ ಬಂಗಾರದ ಕೇಸಿನಲ್ಲಿ 11.4ರ ಮುಕ್ಕಾಲು ಭಾಗ, ಅಂದರೆ 8.55 ಗ್ರಾಂ ಶುದ್ಧ ಬಂಗಾರ. ಗೋಲ್ಡ್ ಫಿಲ್ಡ್ ಆಭರಣಗಳಲ್ಲಿ ಪದರ ತೂಕದ ಇಪ್ಪತ್ತನೆಯ ಒಂದು ಭಾಗವಿರುವುದು ರೂಢಿ. ಕೇಸಿಗೂ ಅದೇ ಅಂದಾಜು ಹಿಡಿದರೆ 0.46 ಗ್ರಾಂ 14 ಕ್ಯಾರೆಟ್, ಅದರಲ್ಲಿ ಶುದ್ಧ ಬಂಗಾರ 0.27 ಗ್ರಾಂ. ಒಂದೇ ಕೇಸಿಗಾಗಿ ಆಮ್ಲದಲ್ಲಿ ಕರಗಿಸಿ ಅಷ್ಟನ್ನು ಬೇರ್ಪಡಿಸುವ ಶ್ರಮಕ್ಕೆ ಯಾರೂ ಕೈಹಾಕುವುದಿಲ್ಲ. ಗಿಲೀಟಿನದರಲ್ಲಿ ತೂಗುವಷ್ಟೂ ಇಲ್ಲ. ಈ ಎರಡಕ್ಕೂ ಬೆಲೆ ಬರುವುದಿದ್ದರೆ ನಡೆಯುವ ಗಡಿಯಾರವಾಗಿ, ಹಳೆಯ ಗಡಿಯಾರ ಕಟ್ಟುವ ಆಸೆಯುಳ್ಳವರಿಂದ ಮಾತ್ರ.

ಗಟ್ಟಿ ಬಂಗಾರದ್ದನ್ನು ಮಾರುವುದೂ ಸರಾಗವಲ್ಲ. 2021ರಿಂದ ಆಭರಣಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾದರೂ ಕೈಗಡಿಯಾರಗಳನ್ನು ಅದರಿಂದ ಹೊರಗಿಟ್ಟಿದ್ದಾರೆ, ಹೀಗಾಗಿ ನಮ್ಮ ಸರಾಫರಿಗೆ ಪರಿಚಿತವಾದ ಮುದ್ರೆ ಅದರ ಮೇಲೆ ಇರುವುದಿಲ್ಲ. 18 ಕ್ಯಾರೆಟ್ ಎಂದು ಸಾರುವ ಹಳೆಯ ಸ್ವಿಸ್ ಮುದ್ರೆ ಒಂದು ಹೆಣ್ಣಿನ ತಲೆ, ಅಕ್ಕಿಕಾಳಿಗಿಂತ ಚಿಕ್ಕದು. ನಾನು ಹೋದ ಅಂಗಡಿಯಲ್ಲಿ ಅದನ್ನು ಯಾರೂ ಗುರುತಿಸಲಿಲ್ಲ. ಕೇಸನ್ನು ಕರಗಿಸುವ ಬೆಲೆಗಷ್ಟೇ ಕೇಳಿದರು, ಒಳಗಿನ ಯಂತ್ರವನ್ನು ಬಿಚ್ಚಿ ಒಯ್ಯಿರಿ ಎಂದರು. ಮೂವತ್ತು ವರ್ಷ ತಪ್ಪದೆ ನಡೆದ ಯಂತ್ರಕ್ಕೆ ಅಲ್ಲಿ ಲೆಕ್ಕವೇ ಇರಲಿಲ್ಲ. ಮನೆಗೆ ತಂದು, ಕೇಸಿನ ತೂಕ, ನೀರಿನ ಲೆಕ್ಕ, ಮುದ್ರೆ ಇರುವ ಜಾಗ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಮಗನಿಗೆಂದು ಅದರ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ದಿನವೂ ಕಟ್ಟುವುದು ಗೋಲ್ಡ್ ಫಿಲ್ಡನ್ನೇ. ಕೆಟ್ಟ ಕೊಂಬಿನ ಹಿಂದೆ ಹಿತ್ತಾಳೆ ಮೈಗೆ ತಾಗದಂತೆ ಪಟ್ಟಿಯ ಕೆಳಗೆ ತೆಳ್ಳನೆಯ ತೊಗಲಿನ ಅಸ್ತರಿ ಹಾಕಿಸಿದ್ದೇನೆ. ಎರಡು ಬೇಸಿಗೆ ಕಳೆದವು, ಕಿಲುಬು ಮುಂದೆ ಹಬ್ಬಿಲ್ಲ.