ಮುಲುಂಡ್‌ನ ಫ್ಲಾಟ್‌ನಲ್ಲಿ ಒಂದೂವರೆ ಟನ್ ಸ್ಪ್ಲಿಟ್ ಎಸಿ: ಮೆಷಿನ್ ಗಟ್ಟಿ, ಜಾಯಿಂಟ್ ಮಾತ್ರ ಸಡಿಲ

ಆರ್32 ಗ್ಯಾಸ್‌ನ ಇನ್ವರ್ಟರ್ ಎಸಿ ಇದು. ಹಾಕಿಸಿ ಕೆಲವು ಬೇಸಿಗೆಗಳಾದವು. ಕಂಪ್ರೆಸರ್, ಬೋರ್ಡ್, ಫ್ಯಾನ್ ಯಾವುದೂ ಕೈಕೊಟ್ಟಿಲ್ಲ. ಮೇ ತಿಂಗಳ ಮುಂಬೈ ಸೆಕೆಯಲ್ಲೂ ರೂಮು ಬೇಗ ತಣ್ಣಗಾಗುತ್ತದೆ, ಸದ್ದೂ ಕಮ್ಮಿ. ಆದರೆ ಪ್ರತಿ ಬೇಸಿಗೆಗೆ ಗ್ಯಾಸ್ ಕಮ್ಮಿಯಾಗುತ್ತಿತ್ತು. ವಾರ್ಷಿಕ ಸರ್ವಿಸ್‌ಗೆ ಬರುವವರು ಗ್ಯಾಸ್ ತುಂಬಿ, ಒಳಗಿನ ನಟ್ ಇನ್ನೊಂದು ಸುತ್ತು ಬಿಗಿದು ಹೋಗುತ್ತಿದ್ದರು.

ಕೊನೆಗೆ ಇದನ್ನು ಸರಿಮಾಡಿದವರು ಕಾರ್ಕಳ ಕಡೆಯ ಮೆಕ್ಯಾನಿಕ್ ಒಬ್ಬರು. ಇಲ್ಲಿನ ಹೋಟೆಲ್‌ಗಳ ಕೋಲ್ಡ್ ರೂಮ್ ನೋಡಿಕೊಳ್ಳುತ್ತಾರೆ. ಬಂದವರೇ, "ಗ್ಯಾಸ್ ಅಂದ್ರೆ ಪೆಟ್ರೋಲ್ ಅಲ್ಲ ಮಾರಾಯ್ರೆ, ಓಡಿಸಿದ ಹಾಗೆ ಖರ್ಚಾಗ್ಲಿಕ್ಕೆ. ಎಲ್ಲೋ ಹೋಗ್ತಾ ಉಂಟು" ಎಂದರು. ಹೊರಗಿನ ಯೂನಿಟ್ ಹತ್ತಿರ ತೆಳು ಪೈಪ್ ಮೇಲೆ ಮಂಜು ಕಟ್ಟಿತ್ತು. ಫಿಲ್ಟರ್ ಕ್ಲೀನ್ ಇದ್ದೂ ಹೀಗಾದರೆ ಗ್ಯಾಸ್ ಕಮ್ಮಿ ಎಂದೇ ಮೊದಲ ಅನುಮಾನ. ಒಳಗಿನ ಯೂನಿಟ್‌ನ ಹಿಂದೆ, ದಪ್ಪ ಪೈಪ್‌ನ ಜಾಯಿಂಟ್ ಸುತ್ತಿದ ಟೇಪ್‌ನಲ್ಲಿ ಎಣ್ಣೆಯ ಕಲೆ ಕಾಣಿಸಿತು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ, ಲೀಕ್ ಇದ್ದಲ್ಲಿ ಅದು ಜಿನುಗಿ ಧೂಳು ಹಿಡಿಯುತ್ತದೆ.

ಸೋಪು ನೀರಿನ ಪರೀಕ್ಷೆಯನ್ನು ಅವರು ಎಸಿ ಆಫ್ ಮಾಡಿ ಮಾಡಿದರು. ಹಿಂದೆ ಬಂದವರು ಎಸಿ ಓಡುತ್ತಿರುವಾಗ ನೊರೆ ಹಚ್ಚಿ, "ಲೀಕ್ ಇಲ್ಲ" ಎಂದಿದ್ದರು. ಓಡುವಾಗ ದಪ್ಪ ಪೈಪ್‌ನಲ್ಲಿ ಒತ್ತಡ 120–140 ಪಿಎಸ್‌ಐ ಆಸುಪಾಸು. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ನಮ್ಮ ಬೇಸಿಗೆಯಲ್ಲಿ 250 ದಾಟುತ್ತದೆ. ಓಡುವಾಗ ಜಾಯಿಂಟ್ ಬೆವರುವುದೂ ಇದೆ, ಆ ನೀರಿಗೆ ನೊರೆ ತೊಳೆದು ಹೋಗುತ್ತದೆ. ಜಾಯಿಂಟ್ ಒರೆಸಿ ಒಣಗಿಸಿ ಹಚ್ಚಿದಾಗ ಸಾಸಿವೆಯಷ್ಟು ಗುಳ್ಳೆಗಳು ನಿಧಾನಕ್ಕೆ ಎದ್ದವು.

ಈಗ ಮುಖ್ಯ ವಿಷಯ. ಈ ಜಾಯಿಂಟ್‌ನ ಒಳಗೆ ಗ್ಯಾಸ್ ತಡೆಯಲು ವಾಷರ್ ಇಲ್ಲ, ಟೇಪ್ ಇಲ್ಲ. ತಾಮ್ರದ ಪೈಪ್‌ನ ತುದಿಯನ್ನು ಲಾಳಿಕೆಯ ಬಾಯಿಯಂತೆ ಅಗಲಿಸಿರುತ್ತಾರೆ, ಇದಕ್ಕೇ ಫ್ಲೇರ್ ಅನ್ನುವುದು. ನಟ್ ಅದನ್ನು ಹಿತ್ತಾಳೆಯ ಮೂತಿಗೆ ಒತ್ತಿ ಹಿಡಿಯುತ್ತದೆ. ಎಷ್ಟು ಬಿಗಿಯಬೇಕು ಎನ್ನುವುದು ಪೈಪ್‌ನ ಅಳತೆಯ ಮೇಲೆ. ಕಾಲು ಇಂಚಿಗೆ ಸುಮಾರು 14–18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50–60. ನಿಮ್ಮ ಎಸಿಯ ಇನ್‌ಸ್ಟಾಲೇಶನ್ ಪುಸ್ತಕದಲ್ಲಿ ಇದು ಇರುತ್ತದೆ, ಅದನ್ನೇ ಹಿಡಿಯಿರಿ. 25 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಎಳೆದರೆ ಮೊದಲನೆಯದಕ್ಕೆ ಆರೇಳು ಕೆಜಿ ಬಲ ಸಾಕು, ಎರಡನೆಯದಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಬೇಕು. ಎರಡಕ್ಕೂ ಒಂದೇ ಕೈಬಲ ಹಾಕಿದರೆ ಏನಾಗುತ್ತದೆ? ದಪ್ಪನೆಯದು ಸಡಿಲ ಉಳಿಯುತ್ತದೆ, ತೆಳುವಿನದು ನಜ್ಜಾಗುತ್ತದೆ. ನಮ್ಮಲ್ಲಿ ಆಗಿದ್ದು ಇದೇ. ದಪ್ಪ ಪೈಪ್ ಸಡಿಲವಿದ್ದು ಲೀಕ್ ಆಗುತ್ತಿತ್ತು. ತೆಳು ಪೈಪ್ ಲೀಕ್ ಆಗಿರಲಿಲ್ಲ, ಆದರೆ ಅದರ ಬಾಯಿ ಕಾಗದದ ಹಾಗೆ ತೆಳುವಾಗಿ ಅಂಚಿನಲ್ಲಿ ಸೀಳು ಶುರುವಾಗಿತ್ತು.

ದಪ್ಪನೆಯದನ್ನು ಹಾಗೇ ಬಿಗಿದರೆ ಸಾಲದೇ ಅಂದೆ. "ಇಲ್ಲ ಸರ್, ಒಮ್ಮೆ ಗ್ಯಾಸ್ ಹೋದ ಬಾಯಲ್ಲಿ ಗೀರು ಬಿದ್ದಿರ್ತದೆ. ಮನೆ ಒಳಗಿನ ಜಾಯಿಂಟ್ ಬಿಚ್ಚಿದ್ರೆ ಹೊಸ ಫ್ಲೇರ್ ಮಾಡಲೇಬೇಕು." ಆರ್32 ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗ್ಯಾಸ್, ಹಾಗಾಗಿ ತಯಾರಕರ ಪುಸ್ತಕಗಳಲ್ಲೂ ಈ ಸೂಚನೆ ಇರುತ್ತದೆ. ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದು ನಿಲ್ಲಿಸುವ ಪಂಪ್ ಡೌನ್ ಅನ್ನು ಅವರು ಮಾಡಲಿಲ್ಲ. ಲೀಕ್ ಇರುವಾಗ ಹಾಗೆ ಮಾಡಿದರೆ ಗಾಳಿ ಒಳಗೆ ಎಳೆದುಕೊಂಡು ಕಂಪ್ರೆಸರ್ ಸಿಡಿಯಬಹುದು. ರಿಕವರಿ ಮೆಷಿನ್ ತಂದು ಗ್ಯಾಸನ್ನು ಸಿಲಿಂಡರ್‌ಗೆ ತೆಗೆದರು. ಇದನ್ನು ಮನೆಯವರು ಮಾಡಲು ಹೋಗಬೇಡಿ.

ಹಳೆಯ ಬಾಯಿಗಳನ್ನು ಕತ್ತರಿಸಿದರು. ಪೈಪ್ ಬಾಯಿ ಕೆಳಗೆ ಮಾಡಿ ಒಳಗಿನ ಚೂಪು ಅಂಚು ಕೆರೆದರು, ಪುಡಿ ಒಳಗೆ ಬೀಳಬಾರದು ಅಲ್ವಾ. ಹೊಸ ನಟ್ ಪೋಣಿಸಿ ಆಮೇಲೆ ಫ್ಲೇರ್ ಮಾಡಿದರು. ಬಾಯಿಯ ಒಳಮೈಗೆ ಎಸಿ ಎಣ್ಣೆ ಒಂದು ಹನಿ, ನಟ್‌ನ ಮರೆಗೆ, ಅಂದರೆ ಥ್ರೆಡ್‌ಗೆ, ಹಚ್ಚಲಿಲ್ಲ. ಪೈಪ್ ನೇರ ಹಿಡಿದು, ನಟ್ಟನ್ನು ಬೆರಳಿನಲ್ಲೇ ಹೋಗುವಷ್ಟು ದೂರ ತಿರುಗಿಸಿದರು. ಶುರುವಿಗೇ ಸ್ಪ್ಯಾನರ್ ಹಾಕಿದರೆ ಮರೆ ಅಡ್ಡ ಹಿಡಿದದ್ದು ಗೊತ್ತೇ ಆಗುವುದಿಲ್ಲ. ಕೊನೆಗೆ ಒಂದು ಸ್ಪ್ಯಾನರ್‌ನಿಂದ ಯೂನಿಟ್ ಕಡೆಯ ಮೂತಿ ಹಿಡಿದು, ಬೇಕಾದ ಬಲಕ್ಕೆ ಹೊಂದಿಸಿದ ಟಾರ್ಕ್ ರೆಂಚ್ 'ಟಕ್' ಅನ್ನುವವರೆಗೆ ನಟ್ ಬಿಗಿದರು. ಆ ಎರಡನೇ ಸ್ಪ್ಯಾನರ್ ಇಲ್ಲದಿದ್ದರೆ ಒಳಗಿನ ಪೈಪೇ ತಿರುಚಿಕೊಳ್ಳುತ್ತದೆ.

ನೈಟ್ರೋಜನ್ ತುಂಬಿ ಗೇಜ್ ಕದಲುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ವ್ಯಾಕ್ಯೂಮ್ ಮಾಡಿ, ಗ್ಯಾಸನ್ನು ಯೂನಿಟ್‌ನ ಪ್ಲೇಟ್‌ನಲ್ಲಿ ಬರೆದಷ್ಟೇ ತೂಕ ಮಾಡಿ ಹಾಕಿದರು. ಜಾಯಿಂಟ್‌ಗೆ ಇನ್ಸುಲೇಶನ್ ಸುತ್ತಿದ್ದು ಎಲ್ಲಾ ಮುಗಿದ ಮೇಲೆ. ಇನ್‌ಸ್ಟಾಲೇಶನ್ ಮಾಡುವಾಗ ಒಳಗಿನ ಪೈಪನ್ನು ಸ್ವಲ್ಪ ಉದ್ದ ಬಿಟ್ಟಿದ್ದರಿಂದ ಕತ್ತರಿಸಲು ಜಾಗವಿತ್ತು. ಗೋಡೆಗೆ ಬಿಗಿಯಾಗಿ ಕೂರಿಸಿದ್ದರೆ ತುಂಡು ಪೈಪ್ ಬೆಸೆಯಬೇಕಾಗಿತ್ತು.

ಅದಾದ ಮೇಲೆ ಒಂದು ಪೂರ್ತಿ ಬೇಸಿಗೆ ಕಳೆದಿದೆ. ಗ್ಯಾಸ್ ಹಾಕಿಸಿಲ್ಲ, ತೆಳು ಪೈಪ್ ಮೇಲೆ ಮಂಜೂ ಕಟ್ಟಿಲ್ಲ. ಎಸಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಜೊತೆಗೆ ಬಂದ ಇನ್‌ಸ್ಟಾಲೇಶನ್‌ಗೆ ಒಂದು, ಅದೂ ಪೈಪ್ ಸ್ವಲ್ಪ ಉದ್ದ ಬಿಟ್ಟಿದ್ದಕ್ಕೆ.