80ರಿಂದ 65ಕ್ಕೆ: ಒಂದೇ ಅನುಪಾತ, ಮೂರು ದಾರಿ

ಒಂದು ಔನ್ಸ್ ಚಿನ್ನವನ್ನು ಮಾರಿದ ಹಣದಲ್ಲಿ ಎಷ್ಟು ಔನ್ಸ್ ಬೆಳ್ಳಿ ಸಿಗುತ್ತದೆ ಎಂಬ ಲೆಕ್ಕವೇ ಚಿನ್ನ-ಬೆಳ್ಳಿ ಅನುಪಾತ. ಚಿನ್ನದ ದರ 1,350 ಡಾಲರ್, ಬೆಳ್ಳಿಯ ದರ 16.875 ಡಾಲರ್ ಇದ್ದ ದಿನ ಅದು 80. ಈ ಸಂಖ್ಯೆ ಏರಿದರೆ ಚಿನ್ನಕ್ಕೆ ಹೋಲಿಸಿದಾಗ ಬೆಳ್ಳಿ ಅಗ್ಗವಾಗಿದೆ ಎಂದೂ, ಇಳಿದರೆ ತುಟ್ಟಿಯಾಗಿದೆ ಎಂದೂ ಅರ್ಥ. ಎರಡರಲ್ಲಿ ಒಂದಾದರೂ ನಾಳೆ ಏರುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಎರಡೂ ಲೋಹಗಳು ಕುಸಿಯುತ್ತಿರುವಾಗ ಚಿನ್ನ ಹೆಚ್ಚು ಕುಸಿದರೂ ಅನುಪಾತ ಇಳಿಯುತ್ತದೆ.

ಈ ಅನುಪಾತಕ್ಕೆ ಒಂದು ಸಹಜ ಮಟ್ಟವಿದೆ, ದೂರ ಸರಿದರೂ ಅದು ಅಲ್ಲಿಗೇ ಮರಳುತ್ತದೆ ಎಂಬ ನಂಬಿಕೆ ವಹಿವಾಟುದಾರರಲ್ಲಿ ಬಲವಾಗಿದೆ. ಅಮೆರಿಕದ 1792ರ ನಾಣ್ಯ ಕಾಯ್ದೆ ಅದನ್ನು 15 ಎಂದು ನಿಗದಿಪಡಿಸಿತ್ತು. 1834ರಲ್ಲಿ ಅದನ್ನು 16ಕ್ಕೆ ಏರಿಸಲಾಯಿತು. ಅದು ಸರ್ಕಾರ ಕಟ್ಟಿದ ಬೇಲಿಯಾಗಿತ್ತು. ಬೇಲಿ ಹೋದ ಮೇಲೆ ಅನುಪಾತ 1980ರ ಜನವರಿಯಲ್ಲಿ 17ರ ಸಮೀಪಕ್ಕೆ ಇಳಿದು, 1991ರಲ್ಲಿ 100ರ ಹತ್ತಿರಕ್ಕೆ ಏರಿ, 2011ರ ಏಪ್ರಿಲ್‌ನಲ್ಲಿ 32ರ ಆಸುಪಾಸಿಗೆ ಬಂದಿತ್ತು. ಇಷ್ಟು ಅಗಲದಲ್ಲಿ ಓಡಾಡುವ ಸಂಖ್ಯೆಗೆ ಸರಾಸರಿ ಹೇಳಬಹುದೇ ಹೊರತು ಮನೆ ಇದೆ ಎನ್ನಲಾಗದು. ಬೆಳ್ಳಿಯ ಬೇಡಿಕೆಯ ಅರ್ಧಕ್ಕೂ ಹೆಚ್ಚು ಪಾಲು ಕೈಗಾರಿಕೆಯದು. ಚಿನ್ನವನ್ನಾದರೋ ಭಯದ ಕಾಲದಲ್ಲಿ ಕೇಂದ್ರೀಯ ಬ್ಯಾಂಕುಗಳೂ ಹೂಡಿಕೆದಾರರೂ ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಆರ್ಥಿಕತೆ ಹೆದರಿದಾಗ ಅನುಪಾತ ಏರುವುದೂ, ಚೇತರಿಸಿಕೊಂಡಾಗ ಇಳಿಯುವುದೂ ಹೆಚ್ಚಾಗಿ ಕಂಡುಬರುವ ಚಲನೆ.

2018ರ ವಸಂತದಲ್ಲಿ ಅನುಪಾತ 80ನ್ನು ದಾಟಿದಾಗ ನಾನು ಅದನ್ನೇ ಸೂಚನೆಯೆಂದು ಹಿಡಿದು, ಚಿನ್ನದಿಂದ ಬೆಳ್ಳಿಗೆ ಸರಿಯಲು ಮೂರು ದಾರಿಗಳನ್ನು ಸಣ್ಣ ಪ್ರಮಾಣದಲ್ಲಿ ಪ್ರಯತ್ನಿಸಿದೆ. ನಾಣ್ಯಗಳ ಅದಲುಬದಲು ಮೊದಲನೆಯದು, ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ದರ ನಿಗದಿಪಡಿಸುವ ಒಪ್ಪಂದಗಳಲ್ಲಿ, ಜೋಡಿ ವಹಿವಾಟು ಎರಡನೆಯದು, ಷೇರುಗಳಂತೆ ಕೊಂಡು ಮಾರಬಹುದಾದ ನಿಧಿಗಳಾದ ಇಟಿಎಫ್‌ಗಳ ಘಟಕಗಳ ಅದಲುಬದಲು ಮೂರನೆಯದು. ಗುರಿಯನ್ನು 65 ಎಂದು ಇಟ್ಟುಕೊಂಡಿದ್ದೆ. ಅನುಪಾತ ಅಲ್ಲಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೂ ಮುನ್ನ 2019ರ ಮಧ್ಯದಲ್ಲಿ 90ನ್ನೂ 2020ರ ಮಾರ್ಚ್‌ನಲ್ಲಿ 120ನ್ನೂ ದಾಟಿ ಬಂದಿತ್ತು. ಅಂದರೆ ನನ್ನ ಊಹೆ ಕೊನೆಗೆ ಸರಿಯಾಯಿತು. ಆದರೂ ಮೂರು ದಾರಿಗಳು ಕೊಟ್ಟ ಫಲ ಒಂದಕ್ಕೊಂದು ಸಂಬಂಧವೇ ಇಲ್ಲದಂತಿತ್ತು.

ನಾಣ್ಯಗಳ ಲೆಕ್ಕವನ್ನು ಮೊದಲು ನೋಡೋಣ. ಕಾಗದದ ಮೇಲೆ ಅದು ಸುಲಲಿತವಾಗಿದೆ: 10 ಔನ್ಸ್ ಚಿನ್ನಕ್ಕೆ 800 ಔನ್ಸ್ ಬೆಳ್ಳಿ, 65ರಲ್ಲಿ ಮರಳಿದರೆ 12.3 ಔನ್ಸ್ ಚಿನ್ನ. ಆದರೆ ಪರದೆಯ ಮೇಲೆ ಕಾಣುವ ಆ ಕ್ಷಣದ ಮಾರುಕಟ್ಟೆ ದರದಲ್ಲಿ, ಅಂದರೆ ಸ್ಪಾಟ್ ದರದಲ್ಲಿ, ನಾಣ್ಯ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಚಿನ್ನದ ನಾಣ್ಯ ಮಾರಿದಾಗ ವರ್ತಕರು ಸ್ಪಾಟ್‌ಗಿಂತ ಶೇಕಡಾ 1 ಕಡಿಮೆ ಕೊಟ್ಟರು. ಬೆಳ್ಳಿಯ ನಾಣ್ಯಕ್ಕೆ ಶೇಕಡಾ 8 ಹೆಚ್ಚು ಕೊಟ್ಟೆ. ಹೀಗಾಗಿ ಕೈಗೆ ಬಂದದ್ದು 733 ಔನ್ಸ್ ಬೆಳ್ಳಿ ಮಾತ್ರ. ಮರಳುವಾಗ ಬೆಳ್ಳಿಯ ಮೇಲೆ ಶೇಕಡಾ 3 ಕಡಿತ, ಚಿನ್ನದ ಮೇಲೆ ಶೇಕಡಾ 3 ಹೆಚ್ಚುವರಿ. ಎಲ್ಲವನ್ನೂ ಕಳೆದಾಗ ಉಳಿದದ್ದು 10.6 ಔನ್ಸ್ ಚಿನ್ನ. ಮೂರು ವರ್ಷ ಕಾದು, 120ರ ಗಾಬರಿಯನ್ನೂ ನುಂಗಿಕೊಂಡು, ಗಳಿಸಿದ್ದು ಅರ್ಧ ಔನ್ಸ್‌ಗಿಂತ ತುಸು ಹೆಚ್ಚು. ಇದೇ ಖರ್ಚುಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಹೊರಟಲ್ಲಿಗೆ ಮರಳಲಿಕ್ಕೇ ಅನುಪಾತ 80ರಿಂದ 69ಕ್ಕೆ ಇಳಿಯಬೇಕಿತ್ತು. ಮೊದಲ ಹನ್ನೊಂದು ಅಂಕಗಳು ಪೂರ್ತಿ ವರ್ತಕರ ಪಾಲು.

ಇನ್ನೊಂದು ತೊಡಕು ಮಾರ್ಚ್ 2020ರಲ್ಲಿ ಕಣ್ಣಿಗೆ ಬಿತ್ತು. ಪರದೆಯಲ್ಲಿ ಬೆಳ್ಳಿ 12 ಡಾಲರ್‌ಗೆ ಇಳಿದಿತ್ತು, ಅನುಪಾತ 120ನ್ನು ದಾಟಿತ್ತು. ಆದರೆ ಆ ದರಕ್ಕೆ ಒಂದು ನಾಣ್ಯವೂ ಸಿಗುತ್ತಿರಲಿಲ್ಲ. ಬೇಡಿಕೆ ಒಮ್ಮೆಲೇ ಏರಿ, ಟಂಕಸಾಲೆಗಳ ಕೆಲಸವೂ ಅಡ್ಡಿಗೊಳಗಾಗಿದ್ದರಿಂದ ಸ್ಪಾಟ್ ದರದ ಮೇಲಿನ ಹೆಚ್ಚುವರಿ, ಅಂದರೆ ಪ್ರೀಮಿಯಂ, ವಿಪರೀತವಾಗಿತ್ತು. ನಾಣ್ಯ ಕೊಳ್ಳುವವರ ನಿಜವಾದ ಅನುಪಾತ ಪರದೆಯದಕ್ಕಿಂತ ಬಹಳ ಕೆಳಗಿತ್ತು. ಸೂಚನೆ ಅತ್ಯಂತ ಗಟ್ಟಿಯಾಗಿ ಕೇಳಿಸುವ ದಿನವೇ ಈ ದಾರಿ ಮುಚ್ಚಿರುತ್ತದೆ ಎಂಬುದು ನನಗೆ ಇದರ ದೊಡ್ಡ ದೋಷವಾಗಿ ಕಾಣುತ್ತದೆ. ಹಲವು ದೇಶಗಳಲ್ಲಿ ಅದಲುಬದಲನ್ನು ಮಾರಾಟವೆಂದೇ ಪರಿಗಣಿಸಿ ತೆರಿಗೆ ವಿಧಿಸುತ್ತಾರೆ ಎಂಬುದನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಫ್ಯೂಚರ್ಸ್ ದಾರಿಯಲ್ಲಿ ಖರ್ಚು ನಗಣ್ಯ. ಅಲ್ಲಿ ಬೆಳ್ಳಿಯನ್ನು ಕೊಂಡು, ಅಷ್ಟೇ ಮೌಲ್ಯದ ಚಿನ್ನವನ್ನು ಶಾರ್ಟ್ ಮಾಡಲಾಗುತ್ತದೆ, ಅಂದರೆ ದರ ಇಳಿದರೆ ಲಾಭ, ಏರಿದರೆ ನಷ್ಟ ಆಗುವಂತೆ ಮುಂಚಿತವಾಗಿ ಮಾರಲಾಗುತ್ತದೆ. ಲಾಟ್‌ಗಳ, ಅಂದರೆ ಒಂದು ಒಪ್ಪಂದದ ನಿಗದಿತ ಪ್ರಮಾಣದ, ಲೆಕ್ಕದಲ್ಲಿ ಹೊಸಬರು ಎಡವುವುದು ಇಲ್ಲಿಯೇ. ನ್ಯೂಯಾರ್ಕ್‌ನ ಲೋಹ ವಿನಿಮಯ ಕೇಂದ್ರವಾದ ಕಾಮೆಕ್ಸ್‌ನ ಪೂರ್ಣ ಲಾಟ್‌ನಲ್ಲಿ ಚಿನ್ನ 100 ಔನ್ಸ್, ಬೆಳ್ಳಿ 5,000 ಔನ್ಸ್. ಒಂದಕ್ಕೊಂದು ಲಾಟ್ ಇಟ್ಟರೆ ಮೌಲ್ಯ ಸಮವಾಗುವುದು ಅನುಪಾತ 50 ಇದ್ದಾಗ ಮಾತ್ರ. ನಾನು ಬಳಸಿದ ಚಿಕ್ಕ ಲಾಟ್‌ಗಳಲ್ಲಿ ಚಿನ್ನ 10 ಔನ್ಸ್, ಬೆಳ್ಳಿ 1,000 ಔನ್ಸ್. ಅಲ್ಲಿ ಸಮತೋಲದ ಬಿಂದು 100. ಅನುಪಾತ 80 ಇದ್ದುದರಿಂದ ಐದು ಲಾಟ್ ಚಿನ್ನಕ್ಕೆ ನಾಲ್ಕು ಲಾಟ್ ಬೆಳ್ಳಿ ಬೇಕಾಯಿತು: 50 ಔನ್ಸ್ ಚಿನ್ನವೂ 4,000 ಔನ್ಸ್ ಬೆಳ್ಳಿಯೂ ತಲಾ 67,500 ಡಾಲರ್. ಇದಕ್ಕೆ ಭದ್ರತೆಯಾಗಿ ಖಾತೆಯಲ್ಲಿ ನಾನು ಇಟ್ಟಿದ್ದುದು 20,000 ಡಾಲರ್.

2020ರ ಮಾರ್ಚ್ ಮಧ್ಯದಲ್ಲಿ ಚಿನ್ನ ಸುಮಾರು 1,530, ಬೆಳ್ಳಿ ಸುಮಾರು 14.70 ಡಾಲರ್ ಇದ್ದಾಗ ಚಿನ್ನದ ಕಡೆ 9,000, ಬೆಳ್ಳಿಯ ಕಡೆ 8,700 ಡಾಲರ್ ನಷ್ಟವಾಗಿತ್ತು. ಜೋಡಿ ವಹಿವಾಟಿನಲ್ಲಿ ಒಂದು ಕಾಲು ಸೋತರೆ ಇನ್ನೊಂದು ಗೆಲ್ಲುತ್ತದೆ ಎಂದು ಸಮಾಧಾನ ಹೇಳಿಕೊಳ್ಳುವವರು ಗಮನಿಸಬೇಕು: ಭಯದ ಅಲೆಯಲ್ಲಿ ಎರಡು ಕಾಲೂ ಒಟ್ಟಿಗೆ ಸೋತವು. ಭದ್ರತೆಯ ಹಣ ಸಾಲದು, ಇನ್ನಷ್ಟು ತುಂಬಿ ಎಂದು ಬ್ರೋಕರ್‌ನಿಂದ ಮಾರ್ಜಿನ್ ಕರೆ ಬಂತು. ಮತ್ತೆ ಹಣ ತುಂಬುವ ಧೈರ್ಯವೂ, ನಿಜ ಹೇಳಬೇಕೆಂದರೆ ಹಣವೂ ಇರಲಿಲ್ಲ; 17,700 ಡಾಲರ್ ಕಳೆದುಕೊಂಡು ಹೊರಬಂದೆ. ಕೆಲವೇ ದಿನಗಳಲ್ಲಿ ಚಿನ್ನ 1,480, ಬೆಳ್ಳಿ 12ಕ್ಕೆ ಬಂದಾಗ ಅದೇ ಜೋಡಿಯ ನಷ್ಟ 26,000 ಡಾಲರ್ ಆಗುತ್ತಿತ್ತು. 2021ರ ಫೆಬ್ರವರಿಯವರೆಗೆ ಹಿಡಿದುಕೊಂಡಿದ್ದರೆ, ಚಿನ್ನ 1,790, ಬೆಳ್ಳಿ 27.50ರ ಲೆಕ್ಕದಲ್ಲಿ, 20,500 ಡಾಲರ್ ಲಾಭ. ಹಿಡಿದುಕೊಳ್ಳಲು ಖಾತೆಯಲ್ಲಿ ನಾನು ಇಟ್ಟದ್ದರ ಎರಡು ಪಟ್ಟಾದರೂ ಇರಬೇಕಿತ್ತು.

ಬೆಳ್ಳಿ ಚಿನ್ನಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಜಿಗಿದಾಡುತ್ತದೆ. ಆದ್ದರಿಂದ ಮೌಲ್ಯ ಸಮವಿದ್ದರೂ ಅಪಾಯ ಸಮವಲ್ಲ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಬೇಕು ಎಂದು ಅನುಭವಿ ವಹಿವಾಟುದಾರರೊಬ್ಬರು ನನಗೆ ಹೇಳಿದ್ದರು. ಈ ಸಲಹೆಯನ್ನು ಮೇಲಿನ ದರಗಳಿಗೇ ಹಾಕಿ ನೋಡಿದೆ. ಎರಡೇ ಲಾಟ್ ಬೆಳ್ಳಿ ಇದ್ದಿದ್ದರೆ ಮಾರ್ಚ್‌ನ ತಳದಲ್ಲಿ ನಷ್ಟ 26,000 ಬದಲು 16,250 ಆಗುತ್ತಿತ್ತು, ಬಹುಶಃ ನಾನೂ ಉಳಿದುಕೊಳ್ಳುತ್ತಿದ್ದೆ. ಆದರೆ 65ಕ್ಕೆ ಬಂದ ದಿನ ಬೆಳ್ಳಿಯಿಂದ 21,250 ಲಾಭ, ಚಿನ್ನದಿಂದ 22,000 ನಷ್ಟ: ಅನುಪಾತದ ಊಹೆ ನಿಜವಾದರೂ 750 ಡಾಲರ್ ಕೈಬಿಡಬೇಕಿತ್ತು. ಮೌಲ್ಯ ಸಮವಿಲ್ಲದ ಜೋಡಿ ಅನುಪಾತದ ಮೇಲಿನ ಪಂದ್ಯವಾಗಿ ಉಳಿಯುವುದಿಲ್ಲ. ಅದರಲ್ಲಿ ಚಿನ್ನ ಇಳಿಯಲಿ ಎಂಬ ಪಂದ್ಯವೂ ಬೆರೆತಿರುತ್ತದೆ.

ಮೂರನೆಯ ದಾರಿಯಾದ ಇಟಿಎಫ್‌ನಲ್ಲಿ ಸಾಲವೂ ಇಲ್ಲ, ಮಾರ್ಜಿನ್ ಕರೆಯೂ ಇಲ್ಲ. ಕೊಳ್ಳುವ-ಮಾರುವ ದರಗಳ ಅಂತರ ಲೆಕ್ಕಕ್ಕೆ ಬಾರದಷ್ಟು ಕಿರಿದು. ಬೆಳ್ಳಿಯ ಘಟಕದ ಮೇಲೆ ನಿರ್ವಹಣಾ ವೆಚ್ಚ ವರ್ಷಕ್ಕೆ ಶೇಕಡಾ ಅರ್ಧದಷ್ಟು ಕರಗುತ್ತದೆ. ನಾಣ್ಯಗಳಂತೆ 80ರಲ್ಲೇ ಪೂರ್ತಿ ಬದಲಿಸಿದ್ದರೆ 10 ಔನ್ಸ್ ಮೌಲ್ಯದ ಚಿನ್ನದ ಘಟಕಗಳು 65ರಲ್ಲಿ 12.1 ಔನ್ಸ್ ಆಗುತ್ತಿದ್ದವು. ನ್ಯಾಯವಾದ ಹೋಲಿಕೆ ಈ 12.1ಕ್ಕೂ ನಾಣ್ಯದ 10.6ಕ್ಕೂ ನಡುವಿನದು.

ಆದರೆ ನಾನು ಇಲ್ಲಿ ಮೂರು ಕಂತುಗಳಲ್ಲಿ ಬದಲಿಸಿದ್ದೆ: ಮೂರನೇ ಒಂದು ಭಾಗ 80ರಲ್ಲಿ, ಇನ್ನೊಂದು 90ರಲ್ಲಿ, ಕೊನೆಯದು 100ರಲ್ಲಿ. ಒಟ್ಟು 900 ಔನ್ಸ್‌ನಷ್ಟು ಬೆಳ್ಳಿ ಬಂದು, ವೆಚ್ಚ ಕಳೆದು 65ರಲ್ಲಿ ಅದು 13.7 ಔನ್ಸ್ ಚಿನ್ನವಾಯಿತು. ಇದನ್ನು ಜಾಣತನವೆಂದು ನಾನು ಹೇಳಿಕೊಳ್ಳಲಾರೆ. ಅನುಪಾತ 80ನ್ನು ಮುಟ್ಟಿ ತಿರುಗಿಬಿಟ್ಟಿದ್ದರೆ ಮೊದಲ ಕಂತು ಮಾತ್ರ ಬದಲಾಗಿ, ಎಲ್ಲ ಸೇರಿ 10.8 ಔನ್ಸ್‌ಗೂ ತಲುಪುತ್ತಿರಲಿಲ್ಲ. 80 ಎಂಬುದು ಗಡಿಯಲ್ಲ, ನನ್ನ ಊಹೆ ಎಷ್ಟು ತಪ್ಪಾಗಬಹುದೋ ಗೊತ್ತಿಲ್ಲ ಎಂಬ ಒಪ್ಪಿಗೆಗೆ ಕೊಟ್ಟ ಬೆಲೆ ಅದು. ಮಾರ್ಚ್‌ನಲ್ಲಿ 100 ದಾಟಿದ ದಿನ ಮೂರನೆಯ ಕಂತನ್ನು ಬದಲಿಸುವಾಗ ಬೆರಳು ನಡುಗಿತ್ತು. ಅದೇ ವಾರ ಇನ್ನೊಂದು ಪರದೆಯಲ್ಲಿ ನನ್ನ ಫ್ಯೂಚರ್ಸ್ ಜೋಡಿ ಮುಚ್ಚಿಹೋಗಿತ್ತು.

ಈ ಫಲಿತಾಂಶಗಳನ್ನು ಔನ್ಸ್‌ನಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಏನನ್ನೂ ಮಾಡದೆ ಸುಮ್ಮನೆ ಇಟ್ಟುಕೊಂಡಿದ್ದ 10 ಔನ್ಸ್ ಚಿನ್ನವೂ ಈ ಅವಧಿಯಲ್ಲಿ 13,500ರಿಂದ 17,900 ಡಾಲರ್‌ಗೆ ಏರಿತ್ತು. ಡಾಲರ್‌ನಲ್ಲಿ ಲೆಕ್ಕ ಹಾಕಿದರೆ ಆ ಏರಿಕೆಯನ್ನೂ ಅನುಪಾತದ ಖಾತೆಗೇ ಜಮಾ ಮಾಡಿಕೊಂಡು ಬೀಗಬಹುದು. ಅನುಪಾತ ನಿಜವಾಗಿ ಕೊಟ್ಟದ್ದು ಹತ್ತರ ಮೇಲೆ ಬಂದ ಔನ್ಸ್‌ಗಳನ್ನು ಮಾತ್ರ.

ಈಗ ಅದಲುಬದಲನ್ನು ಇಟಿಎಫ್‌ನಲ್ಲಿ, ಕಂತುಗಳಲ್ಲಿಯೇ ಮಾಡುತ್ತೇನೆ. ಫ್ಯೂಚರ್ಸ್ ಜೋಡಿಯನ್ನು ಬಿಟ್ಟಿದ್ದೇನೆ. ನಾಣ್ಯಗಳನ್ನು ಅನುಪಾತಕ್ಕಾಗಿ ಮಾರುವುದನ್ನೂ ನಿಲ್ಲಿಸಿದ್ದೇನೆ. ಹೊಸದಾಗಿ ಉಳಿಸಿದ ಹಣದಿಂದ ಕೊಳ್ಳುವಾಗ ಮಾತ್ರ ಅನುಪಾತವನ್ನು ನೋಡಿ, 80ರ ಮೇಲಿದ್ದರೆ ಬೆಳ್ಳಿಯನ್ನೂ 60ರ ಕೆಳಗಿದ್ದರೆ ಚಿನ್ನವನ್ನೂ ಆರಿಸುತ್ತೇನೆ. ಮಾರಾಟವೇ ಇಲ್ಲದ ಕಾರಣ ವರ್ತಕರ ಕಡಿತ ಒಂದೇ ಬಾರಿ ತಗಲುತ್ತದೆ.