ಅಕ್ಕಿ ಕರಗಿಸಲು ಹಾಟ್‌ಪ್ಲೇಟೋ, ಮೈಕ್ರೋವೇವೋ?

ಮಂಡ್ಯದ ಅಕ್ಕಿಯಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸಗಳನ್ನು ಪ್ಲಾಸ್ಮಾ ಬಳಸಿ ಧಾತುಗಳನ್ನು ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಅಳೆಯಲು ಪುಡಿಯನ್ನು ಮೊದಲು ಆಸಿಡ್‌ನಲ್ಲಿ ಕರಗಿಸಬೇಕು. ಈ ಹಂತದಲ್ಲಿ ಎರಡು ಬಗೆಯಲ್ಲಿ ಲೆಕ್ಕ ತಪ್ಪುತ್ತದೆ: ಇರುವುದು ಹಾರಿಹೋಗುತ್ತದೆ, ಇಲ್ಲದ್ದು ಬಂದು ಸೇರುತ್ತದೆ. ಹಾಟ್‌ಪ್ಲೇಟ್‌ನಲ್ಲಿ ಎರಡೂ ಆಗುತ್ತವೆ.

ಅಲ್ಲಿ 0.5 ಗ್ರಾಂ ಪುಡಿಗೆ 10 ಮಿ.ಲೀ. ಟ್ರೇಸ್ ಮೆಟಲ್ ದರ್ಜೆಯ ನೈಟ್ರಿಕ್ ಆಸಿಡ್ ಹಾಕಿ, ರಾತ್ರಿಯಿಡೀ ತಣ್ಣಗೆ ಬಿಡುವುದು ಒಳ್ಳೆಯದು. ನೇರ ಬಿಸಿ ಮಾಡಿದರೆ ಪಿಷ್ಟ ನೊರೆಯೆದ್ದು ಉಕ್ಕುತ್ತದೆ. ಮರುದಿನ ವಾಚ್ ಗ್ಲಾಸ್ ಮುಚ್ಚಿ 95 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ. ತೆರೆದ ಪಾತ್ರೆಯಲ್ಲಿ ಈ ಆಸಿಡ್ ಸುಮಾರು 120 ಡಿಗ್ರಿಗೇ ಕುದಿಯುವುದರಿಂದ ಅದಕ್ಕಿಂತ ಬಿಸಿ ಏರದು, ಇಂಗಾಲ ಪೂರ್ತಿ ಸುಡದು. ಉಳಿದ ಇಂಗಾಲ ಪ್ಲಾಸ್ಮಾದಲ್ಲಿ ಆರ್ಸೆನಿಕ್‌ನ ಸಿಗ್ನಲ್ಲನ್ನು ಹೆಚ್ಚಿಸುತ್ತದೆ. ಹಾಗಾಗಿ ಸ್ವಲ್ಪ ನಷ್ಟವಾಗಿದ್ದರೂ ಅಂಕಿ ಸರಿಯಾಗಿಯೇ ಕಾಣಬಹುದು! ಪಾದರಸವಂತೂ ಆವಿಯಾಗಿ ಹೊರಟುಬಿಡುತ್ತದೆ.

ಸೇರುವ ಕಡೆ ಸೀಸವೇ ತಲೆನೋವು. 0.5 ಗ್ರಾಂ ಅನ್ನು 50 ಮಿ.ಲೀ.ಗೆ ತಂದರೆ ದುರ್ಬಲಗೊಳಿಸಿದ್ದು ನೂರು ಪಟ್ಟು. ಅಕ್ಕಿಯಿಲ್ಲದೆ ಬರೀ ಆಸಿಡ್‌ನಿಂದ ಇದೇ ರೀತಿ ಮಾಡಿದ ಬ್ಲ್ಯಾಂಕ್‌ನಲ್ಲಿ ಲೀಟರಿಗೆ 0.1 ಮೈಕ್ರೋಗ್ರಾಂ ಸೀಸ ಬಂದರೆ ಅದು ಅಕ್ಕಿಯಲ್ಲಿ ಕೆ.ಜಿ.ಗೆ 10 ಮೈಕ್ರೋಗ್ರಾಂಗೆ ಸಮ. ಪ್ರಮಾಣ ಮೊದಲೇ ಗೊತ್ತಿರುವ, ಹೋಲಿಕೆಗೆ ಬಳಸುವ ನಿಸ್ಟ್ 1568ಬಿ ಅಕ್ಕಿಹಿಟ್ಟಿನಲ್ಲಿರುವುದೇ ಸುಮಾರು 8! ಬ್ಲ್ಯಾಂಕ್ ಕಳೆದರಾಯಿತಲ್ಲ ಎನ್ನುವಂತಿಲ್ಲ. ಬೇಸಿಗೆಯಲ್ಲಿ ಕಿಟಕಿ ತೆರೆದು ಫ್ಯಾನ್ ಹಾಕಿದ ಕೋಣೆಯ ಧೂಳು ಒಂದೊಂದು ಬೀಕರಿಗೆ ಒಂದೊಂದು ಪ್ರಮಾಣದಲ್ಲಿ ಬೀಳುತ್ತದೆ. ಮೂರು ಬ್ಲ್ಯಾಂಕ್‌ಗಳ ಅಂಕಿ ಚದುರಿದ್ದರೆ ದೋಷ ಗಾಳಿಯದು. ಮೂರೂ ಒಂದೇ ಸಮ ಎತ್ತರದಲ್ಲಿದ್ದರೆ ಆಸಿಡ್ ಅಥವಾ ನೀರನ್ನು ಅನುಮಾನಿಸಿ.

ಮೈಕ್ರೋವೇವ್‌ನ ಮುಚ್ಚಿದ ಪಾತ್ರೆಗೆ ಅಷ್ಟೇ ಪುಡಿ, 7 ಮಿ.ಲೀ. ನೈಟ್ರಿಕ್, 1 ಮಿ.ಲೀ. ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಮುಚ್ಚದೆ 20 ನಿಮಿಷ ಬಿಟ್ಟು, ಆಮೇಲೆ ಬಿಗಿದು, 20 ನಿಮಿಷದಲ್ಲಿ 200 ಡಿಗ್ರಿಗೆ ಏರಿಸಿ, ಅಲ್ಲೇ 15 ನಿಮಿಷ ನಿಲ್ಲಿಸಿ. ಒತ್ತಡವಿರುವುದರಿಂದಲೇ ಇಷ್ಟು ಬಿಸಿ ಸಾಧ್ಯ. ಆಸೆಗೆ ಬಿದ್ದು ಪಾತ್ರೆಯ ಮಿತಿ ಮೀರಿ ಪುಡಿ ಹಾಕಿದರೆ ಇಂಗಾಲದ ಡೈಆಕ್ಸೈಡ್ ಒತ್ತಡ ಮೀರಿ ಮುಚ್ಚಳ ಉಸಿರುಬಿಡುತ್ತದೆ, ಪಾದರಸವೂ ಜೊತೆಗೆ ಹೋಗುತ್ತದೆ. ಇದನ್ನು ಹಿಡಿಯಲು ಬಿಸಿ ಮಾಡುವ ಮೊದಲೂ ತಣಿದ ಮೇಲೂ ಪಾತ್ರೆ ತೂಗಿ. ಆಸಿಡ್ ಮತ್ತು ಪುಡಿಯ ಒಟ್ಟು ತೂಕದಲ್ಲಿ 1 ಶೇಕಡಕ್ಕಿಂತ ಹೆಚ್ಚು ಇಳಿದಿದ್ದರೆ ಆ ಪಾತ್ರೆಯದನ್ನು ಚೆಲ್ಲಿ. 50 ಡಿಗ್ರಿಗಿಂತ ಕೆಳಗಿಳಿಯದೆ ತೆರೆಯಬೇಡಿ.

ಮಫಲ್ ಫರ್ನೆಸ್‌ನಲ್ಲಿ ಬೂದಿ ಮಾಡುವುದು ಈ ನಾಲ್ಕಕ್ಕೆ ಆಗದ ಮಾತು. 450 ಡಿಗ್ರಿಯಲ್ಲಿ ಪಾದರಸ ಉಳಿಯುವುದಿಲ್ಲ, ಮೆಗ್ನೀಸಿಯಂ ನೈಟ್ರೇಟ್ ಇಲ್ಲದೆ ಆರ್ಸೆನಿಕ್ಕೂ ನಂಬಿಕೆಗೆ ಅರ್ಹವಲ್ಲ.

ಕ್ಯಾಡ್ಮಿಯಂ ಒಂದೇ ಸಾಕು ಎಂದಾದರೆ ನನ್ನ ಆಯ್ಕೆ ಮುಚ್ಚಳವಿರುವ ಪಾಲಿಪ್ರೊಪಿಲೀನ್ ಟ್ಯೂಬ್‌ಗಳ ಹಾಟ್‌ಬ್ಲಾಕ್. ಅಗ್ಗ, ಒಂದೇ ಸಲಕ್ಕೆ ಹೆಚ್ಚು ಸ್ಯಾಂಪಲ್. ಪಾದರಸ ಪಟ್ಟಿಯಲ್ಲಿದ್ದರೆ ಇವುಗಳಲ್ಲಿ ಮೈಕ್ರೋವೇವ್ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಅದರ ಟೆಫ್ಲಾನ್ ಪಾತ್ರೆಯ ಗೋಡೆ ಪಾದರಸವನ್ನು ಹಿಡಿದಿಟ್ಟುಕೊಂಡು ಮುಂದಿನ ಸ್ಯಾಂಪಲ್‌ಗೆ ಬಿಡುತ್ತದೆ. ಹೆಚ್ಚು ಪಾದರಸದ ಮೀನು ಕರಗಿಸಿದ ಪಾತ್ರೆಗೆ ಅಕ್ಕಿ ಹಾಕುವ ಮುನ್ನ ಬರೀ ಆಸಿಡ್ ಹಾಕಿ ಅದೇ ಪ್ರೋಗ್ರಾಂ ಒಮ್ಮೆ ಓಡಿಸಿ, ಆ ಆಸಿಡನ್ನೂ ಅಳೆದು ನೋಡಿ.